ಪ್ಲೈವುಡ್ ಅಂಗಡಿಯವರು ದಾವೆ ಹಾಕಿದ್ದಾರೆ, ಆದರೆ ಅವರೂ ನನಗೆ ದುಡ್ಡು ಕೊಡಬೇಕು. ಕೋರ್ಟಲ್ಲಿ ಅದನ್ನು ಮುರಿದುಕೊಳ್ಳೋದು ಹೇಗೆ?

ಮರಗೆಲಸ ಮಂಜು · 22 ಮಾರ್ಚ್ 2025

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಫರ್ನಿಚರ್ ವರ್ಕ್‌ಶಾಪ್ ಇದೆ. ಪ್ಲೈವುಡ್ ತರುತ್ತಿದ್ದ ಅಂಗಡಿಯವರು ನನ್ನ ಮೇಲೆ ದುಡ್ಡಿನ ದಾವೆ ಹಾಕಿದ್ದಾರೆ. ದಾವೆ ಹಾಕಿದ್ದು 6 ಜನವರಿ 2025ಕ್ಕೆ, ಸಮನ್ಸ್ ನನ್ನ ಕೈಗೆ ಬಂದಿದ್ದು ಮಾರ್ಚ್ 3ಕ್ಕೆ. 2023ರ ಜೂನ್‌ನಿಂದ ನವೆಂಬರ್‌ವರೆಗೆ ತಂದ ಮಾಲಿನ ಬಾಕಿ 2,40,000, ಅದರ ಮೇಲೆ 14 ತಿಂಗಳಿಗೆ ನೂರಕ್ಕೆ 18ರಂತೆ ಬಡ್ಡಿ 50,400, ಒಟ್ಟು 2,90,400 ಕೊಡಿಸಿ ಅಂತ ಕೇಳಿದ್ದಾರೆ.

ಮಾಲು ತಂದಿದ್ದು ನಿಜ, ಅದನ್ನು ಇಲ್ಲ ಅನ್ನೋದಿಲ್ಲ. ಆದರೆ ಅವರ ಕಡೆಯಿಂದ ನನಗೆ ಬರಬೇಕಾದ್ದೂ ಇದೆ.

ಮೊದಲನೆಯದು, ಅವರ ಅಂಗಡಿಗೇ ನಾನು ರ‍್ಯಾಕ್ ಮಾಡಿಕೊಟ್ಟಿದ್ದೆ. 12 ಮಾರ್ಚ್ 2022ಕ್ಕೆ ಕೆಲಸ ಮುಗಿಸಿ ಬಿಲ್ ಕೊಟ್ಟೆ. 1,10,000ದಲ್ಲಿ 25,000 ಅಡ್ವಾನ್ಸ್ ಬಂತು, 85,000 ಹಾಗೇ ಉಳಿಯಿತು. ಎರಡನೆಯದು, 12 ಶೀಟ್ ವಾಪಸ್ ಕೊಟ್ಟಿದ್ದೆ. ಶೀಟಿಗೆ 1,850ರಂತೆ 22,200ಕ್ಕೆ ಅವರೇ ಸಹಿ ಹಾಕಿ ಕ್ರೆಡಿಟ್ ನೋಟ್ ಕೊಟ್ಟಿದ್ದಾರೆ. ಆದರೆ ದಾವೆಯ ಜೊತೆ ಹಾಕಿರುವ ಲೆಡ್ಜರ್‌ನಲ್ಲಿ ಅದರ ಸುಳಿವೇ ಇಲ್ಲ. ಮೂರನೆಯದು, 2023ರ ಜುಲೈನಲ್ಲಿ ಬಂದ ಒಂದು ಲೋಡು. ಬಿಲ್‌ನಲ್ಲಿ 710 ಅಂತ ಬರೆದಿದ್ದಾರೆ, ಅಂದ್ರೆ ನೀರು ತಡೆಯುವ ಮರೈನ್ ಪ್ಲೈ. ಗಿರಾಕಿಯ ಅಡುಗೆಮನೆಗೆ ಹಾಕಿ ಒಂದು ತಿಂಗಳೂ ಆಗಿರಲಿಲ್ಲ, ಸಿಂಕ್ ಕೆಳಗಿನ ಬಾಗಿಲು ಊದಿಕೊಂಡಿತು. ಅಂಚಿಗೆ ಉಗುರು ಹಾಕಿದರೆ ಪದರ ಪದರವಾಗಿ ಎದ್ದು ಬರುತ್ತಿತ್ತು. ಎಲ್ಲ ಕಿತ್ತು ಹೊಸದಾಗಿ ಮಾಡಿಕೊಡಲು ನನಗೆ 60,000 ಖರ್ಚಾಯಿತು. ಆಗಸ್ಟ್ 4ಕ್ಕೇ ಅವರಿಗೆ ವಾಟ್ಸಾಪ್‌ನಲ್ಲಿ ಫೋಟೋ ಹಾಕಿದ್ದೆ.

ಇದರ ಜೊತೆಗೆ ನನ್ನ ತಮ್ಮ ಅವರಿಗೆ 50,000 ಕೈಗಡ ಕೊಟ್ಟಿದ್ದಾನೆ. ಫೋನ್‌ನಲ್ಲಿ ಕಳಿಸಿದ್ದು, ದಾಖಲೆ ಇದೆ.

ನನ್ನ ವಕೀಲರ ಹತ್ತಿರ ಕೆಲಸ ಮಾಡುವ ಹುಡುಗ "ಎಲ್ಲಾ ಸೇರಿಸಿ ಕೌಂಟರ್ ಕ್ಲೇಮ್ ಹಾಕೋಣ ಅಣ್ಣ" ಅಂದ, ಅಂದ್ರೆ ಅದೇ ದಾವೆಯಲ್ಲಿ ನಾವೂ ಅವರ ಮೇಲೆ ಎದುರು ಬೇಡಿಕೆ ಇಡೋದು. ಸೀನಿಯರ್ ಊರಲ್ಲಿಲ್ಲ, 28ಕ್ಕೆ ಬರುತ್ತಾರೆ. ಅಷ್ಟರೊಳಗೆ ವಿಷಯ ಅರ್ಥ ಮಾಡಿಕೊಂಡು ಹೋಗೋಣ ಅಂತ ಕೇಳುತ್ತಿದ್ದೇನೆ. ನಾಲ್ಕನ್ನೂ ಕಳೆಯಬಹುದಾ?

---

ಕಾನೂನು ಕಲಿಯುವವ · 22 ಮಾರ್ಚ್

ಮಂಜಣ್ಣ, ನಾನು ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದೇನೆ. ನಿಮ್ಮ ವಕೀಲರ ಆಫೀಸಿನ ಹುಡುಗ ಹೇಳಿದ್ದು ಸರಿ ಅನ್ಸುತ್ತೆ. ಸೆಟ್‌ಆಫ್, ಅಂದ್ರೆ ಅವರಿಗೆ ಕೊಡಬೇಕಾದ್ದರಲ್ಲಿ ನಮಗೆ ಬರಬೇಕಾದ್ದನ್ನು ಮುರಿದುಕೊಳ್ಳೋದು, ಕೇಳಬೇಕಾದರೆ ಎರಡೂ ಕಡೆಯ ಬಾಕಿ ಒಂದೇ ವ್ಯವಹಾರದಿಂದ ಬಂದಿರಬೇಕು. ನಿಮ್ಮ ರ‍್ಯಾಕ್ ಕೆಲಸವೇ ಬೇರೆ, ಪ್ಲೈವುಡ್ ಖರೀದಿಯೇ ಬೇರೆ. ಹಾಗಾಗಿ ಸೆಟ್‌ಆಫ್ ಬರಲ್ಲ. ಕೌಂಟರ್ ಕ್ಲೇಮ್‌ಗೆ ಆ ಕಟ್ಟುಪಾಡು ಇಲ್ಲ, ಹಾನಿಯ ಪರಿಹಾರವನ್ನೂ ಅದರಲ್ಲೇ ಕೇಳಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976ರಲ್ಲಿ ತಿದ್ದುಪಡಿ ತಂದು 8ನೇ ಆದೇಶದಲ್ಲಿ 6ಎ ನಿಯಮ ಸೇರಿಸಿದ್ದೇ ಇದಕ್ಕೆ. ಎಲ್ಲವನ್ನೂ ಅದರಲ್ಲೇ ಹಾಕಿಬಿಡಿ.

---

ಹುಬ್ಬಳ್ಳಿ ಕಿರಾಣಿ · 22 ಮಾರ್ಚ್

ನನ್ನದೂ ಇದೇ ಕಥೆ ನೋಡ್ರಿ. ನನ್ನ ಚೆಕ್ ಬೌನ್ಸ್ ಆತು ಅಂತ ಕೇಸ್ ಹಾಕ್ಯಾರ. ಅವರೂ ನನಗ ಒಂದೂವರೆ ಲಕ್ಷ ಕೊಡಬೇಕು. ನಾನೂ ಅದರಾಗ ಕೌಂಟರ್ ಕ್ಲೇಮ್ ಹಾಕಬಹುದಲ್ರೀ?

---

ತುಂಗಾತೀರ · 22 ಮಾರ್ಚ್

ಹುಬ್ಬಳ್ಳಿಯವರೇ, ನಿಮ್ಮದು ಬೇರೆ. ಚೆಕ್ ಬೌನ್ಸ್ ಅಂದ್ರೆ 138ನೇ ಕಲಮಿನ ಕ್ರಿಮಿನಲ್ ಕೇಸು. ಅದರಲ್ಲಿ ಕೌಂಟರ್ ಕ್ಲೇಮ್ ಅನ್ನುವುದೇ ಇಲ್ಲ. ಚೆಕ್ ಕೊಟ್ಟಷ್ಟು ಸಾಲ ನಿಜಕ್ಕೂ ಬಾಕಿ ಇರಲಿಲ್ಲ ಅಂತ ತೋರಿಸಲು ನಿಮ್ಮ ಲೆಕ್ಕ ಅಲ್ಲಿ ಉಪಯೋಗಕ್ಕೆ ಬರಬಹುದು. ಆದರೆ ನಿಮ್ಮ ಒಂದೂವರೆ ಲಕ್ಷ ಕೈಗೆ ಬರಬೇಕು ಅಂದ್ರೆ ಸಿವಿಲ್ ಕೋರ್ಟಲ್ಲಿ ಬೇರೆ ದಾವೆಯನ್ನೇ ಹಾಕಬೇಕು. ಬಾಕಿ ಯಾವ ತಾರೀಖಿನದು ಅಂತ ಇವತ್ತೇ ನೋಡಿಕೊಳ್ಳಿ. ಕ್ರಿಮಿನಲ್ ಕೇಸು ಮುಗಿಯಲಿ ಅಂತ ಕಾದರೆ ಮೂರು ವರ್ಷ ದಾಟಿಬಿಡುತ್ತದೆ.

ಈಗ ಮಂಜು ಅವರ ವಿಷಯ. ಇಪ್ಪತ್ತೆರಡು ವರ್ಷದಿಂದ ಸಿವಿಲ್ ಕಡೆ ಕೆಲಸ ಮಾಡುತ್ತಿದ್ದೇನೆ. ಇದರಲ್ಲಿ ಒಂದು ತಾರೀಖು ನೋಡಿ ನನಗೆ ಗಾಬರಿಯೇ ಆಯಿತು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ರ‍್ಯಾಕ್ ಕೆಲಸ ಮುಗಿದದ್ದು 12 ಮಾರ್ಚ್ 2022. ಮಾಡಿದ ಕೆಲಸದ ಕೂಲಿ ಕೇಳಲು ಕಾಲಮಿತಿ ಕಾಯ್ದೆಯಲ್ಲಿ ಮೂರು ವರ್ಷ ಇದೆ, ಬೇರೆ ಗಡುವು ಮಾತಾಡಿಕೊಂಡಿರದಿದ್ದರೆ ಕೆಲಸ ಮುಗಿದ ದಿನದಿಂದ ಎಣಿಕೆ. ಅಂದರೆ 12 ಮಾರ್ಚ್ 2025ಕ್ಕೆ ಮುಗಿಯಿತು. ಇವತ್ತು 22. ಈಗ ಅದನ್ನು ಕೌಂಟರ್ ಕ್ಲೇಮ್ ಅಂತ ಹಾಕಿದರೆ ಎದುರಿನ ವಕೀಲರು ಎದ್ದು "ಕಾಲಮಿತಿ ಮೀರಿದೆ" ಅಂದರೆ ಸಾಕು, 85,000 ಹೋಯಿತು.

ಅದನ್ನೇ ಸೆಟ್‌ಆಫ್ ಅಂತ ಹಾಕಿದರೆ ಉಳಿಯುತ್ತದೆ. ಕಾಲಮಿತಿ ಕಾಯ್ದೆಯ 3ನೇ ಕಲಮು, 2ನೇ ಉಪಕಲಮು ಓದಿ ನೋಡಿ. ಸೆಟ್‌ಆಫ್ ಕೇಳಿದರೆ, ವಾದಿ ದಾವೆ ಹಾಕಿದ ದಿನವೇ ನೀವೂ ಕೇಳಿದಂತೆ ಲೆಕ್ಕ. ಕೌಂಟರ್ ಕ್ಲೇಮ್ ಆದರೆ, ನೀವು ಕೋರ್ಟಿಗೆ ಅದನ್ನು ಕೊಟ್ಟ ದಿನವೇ ಲೆಕ್ಕ. ನಿಮ್ಮ ಕೇಸಿನಲ್ಲಿ ಮೊದಲನೆಯದು 6 ಜನವರಿ 2025, ಆಗ ಮೂರು ವರ್ಷ ತುಂಬಲು ಇನ್ನೂ ಎರಡು ತಿಂಗಳಿತ್ತು. ಎರಡನೆಯದು ಏಪ್ರಿಲ್ ಹೊತ್ತಿಗೆ ಬರುತ್ತದೆ, ಆಗ ಬಾಗಿಲು ಮುಚ್ಚಿರುತ್ತದೆ. ದುಡ್ಡು ಅದೇ, ಬಿಲ್ಲೂ ಅದೇ. ದಾವೆಗೆ ಉತ್ತರವಾಗಿ ಕೊಡುವ ಲಿಖಿತ ಹೇಳಿಕೆಯಲ್ಲಿ ಅದನ್ನು ಏನೆಂದು ಕರೆಯುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಕಾನೂನು ಕಲಿಯುವವರೇ, ನೀವು ಹೇಳಿದ್ದರಲ್ಲಿ ಕೌಂಟರ್ ಕ್ಲೇಮ್ ಹೆಚ್ಚು ಅಗಲ ಅನ್ನುವುದು ಸರಿ. ಒಂದೇ ವ್ಯವಹಾರ ಇರಬೇಕು ಅನ್ನುವುದು ಮಾತ್ರ ಅದೇ 8ನೇ ಆದೇಶದ 6ನೇ ನಿಯಮದ ಸೆಟ್‌ಆಫ್‌ಗೆ ಬರುವುದಿಲ್ಲ. ಅದು ನ್ಯಾಯದ ದೃಷ್ಟಿಯಿಂದ ಕೋರ್ಟು ಕೊಡುವ ಇನ್ನೊಂದು ಬಗೆಯ ಸೆಟ್‌ಆಫ್‌ನ ಮಾತು, ಮೊತ್ತ ಇಷ್ಟೇ ಅಂತ ಖಚಿತವಾಗಿಲ್ಲದಾಗ ಬಳಸುವಂಥದ್ದು. 6ನೇ ನಿಯಮಕ್ಕೆ ಬೇಕಾಗಿರುವುದು ಬೇರೆ. ದಾವೆ ದುಡ್ಡಿನದ್ದಾಗಿರಬೇಕು. ನಿಮಗೆ ಬರಬೇಕಾದ ಮೊತ್ತ ಖಚಿತವಾಗಿರಬೇಕು, ಕಾನೂನಿನಲ್ಲಿ ವಸೂಲಾಗುವಂಥದ್ದಾಗಿರಬೇಕು, ಆ ಕೋರ್ಟಿನ ಹಣದ ಮಿತಿಯೊಳಗಿರಬೇಕು. ಆಮೇಲೆ ಇಬ್ಬರೂ ದಾವೆಯಲ್ಲಿ ಯಾವ ಸ್ಥಾನದಲ್ಲಿ ನಿಂತಿದ್ದಾರೋ ಈ ಬಾಕಿಯಲ್ಲೂ ಅದೇ ಇರಬೇಕು. ರ‍್ಯಾಕಿನ 85,000 ಬಿಲ್ ಮಾಡಿದ ಮೊತ್ತ. ಅದಕ್ಕಿಂತ ಖಚಿತ ಇನ್ನೇನು ಬೇಕು?

---

ಕಾನೂನು ಕಲಿಯುವವ · 22 ಮಾರ್ಚ್

ಸಾರ್, 3ನೇ ಕಲಮು ಈಗ ತೆಗೆದು ಓದಿದೆ. ಅಡಮಾನ, ತಡ ಮನ್ನಾ ಇವೆಲ್ಲ ಓದಿದ್ದೆ, ಇದನ್ನು ಗಮನಿಸಿರಲೇ ಇಲ್ಲ. ಮಂಜಣ್ಣ, ನನ್ನ ಮೊದಲ ಉತ್ತರ ಹಿಡಿದುಕೊಂಡು ಹೋಗಬೇಡಿ. ಒಂದು ಪ್ರಶ್ನೆ ಸಾರ್, ಹಾಗಾದರೆ ಪದರ ಬಿಟ್ಟ ಪ್ಲೈವುಡ್‌ನ 60,000ವನ್ನೂ ಸೆಟ್‌ಆಫ್ ಅಂತಲೇ ಹಾಕಬಹುದಾ?

---

ತುಂಗಾತೀರ · 22 ಮಾರ್ಚ್

ಬೇಡ. ಅದು ಹಾನಿ. ನಿಮ್ಮ ಲೆಕ್ಕದಲ್ಲಿ 60,000 ಇರಬಹುದು, ಆದರೆ ಕೋರ್ಟು ಸಾಕ್ಷಿ ಕೇಳಿ ನಿರ್ಧರಿಸುವವರೆಗೆ ಅದು ಖಚಿತ ಮೊತ್ತ ಅಲ್ಲ. ಅದಕ್ಕೆ ಕೌಂಟರ್ ಕ್ಲೇಮೇ ದಾರಿ. ಮಾಲು ಬಂದಿದ್ದು 2023ರ ಜುಲೈ, ಆದ್ದರಿಂದ ಕಾಲಮಿತಿಯ ಭಯ ಈಗ ಇಲ್ಲ. ಸರಕು ಮಾರಾಟ ಕಾಯ್ದೆಯ 59ನೇ ಕಲಮಿನಲ್ಲಿ ಇನ್ನೊಂದು ಅನುಕೂಲ ಇದೆ. ಮಾರಿದವನು ಭರವಸೆ ಕೊಟ್ಟ ಗುಣಮಟ್ಟ ಇಲ್ಲದಿದ್ದರೆ, ಕೊಂಡವನು ಅದನ್ನು ಬೆಲೆಯಲ್ಲೇ ಕಡಿತ ಮಾಡಿ ಅಂತ ರಕ್ಷಣೆಯಾಗಿ ಹೇಳಬಹುದು. ಎರಡನ್ನೂ ಬರೆಯಿರಿ.

ಆದರೆ ಇದು ನಿಲ್ಲುವುದು ಸಾಕ್ಷಿಯ ಮೇಲೆ. ಆ ಪ್ಲೈವುಡ್ ತುಂಡು ಇಟ್ಟುಕೊಂಡಿದ್ದೀರಾ?

---

ಮರಗೆಲಸ ಮಂಜು · 22 ಮಾರ್ಚ್

ಇಟ್ಟಿದ್ದೇನೆ ಸಾರ್. ಕಂಪನಿಯ ಮುದ್ರೆ, 710 ಅಂತ ಒತ್ತಿರುವುದು ಕಾಣುವ ಹಾಗೆ ಎರಡು ಬಾಗಿಲು ಹಾಗೇ ಅಟ್ಟದ ಮೇಲಿವೆ. ನಾನು ಒಂದು ತುಂಡನ್ನು ಪಾತ್ರೆಯಲ್ಲಿ ಕುದಿಸಿ ನೋಡಿದ್ದೆ. ಒಳ್ಳೆಯ ಮರೈನ್ ಪ್ಲೈ ದಿನಗಟ್ಟಲೆ ಕುದಿಸಿದರೂ ಬಿಡಬಾರದು. ಇದು ಮಧ್ಯಾಹ್ನದೊಳಗೆ ಪುಸ್ತಕದ ಹಾಳೆ ಥರ ಬಿಚ್ಚಿಕೊಂಡಿತು.

---

ತುಂಗಾತೀರ · 22 ಮಾರ್ಚ್

ಇನ್ನು ಕುದಿಸಬೇಡಿ. ಉಳಿದದ್ದನ್ನು ಒಣಗಿದ ಜಾಗದಲ್ಲಿ ಕಟ್ಟಿಡಿ. ಸಾಕ್ಷಿಯ ಹಂತಕ್ಕೆ ಬಂದಾಗ ಅದನ್ನು ಪರೀಕ್ಷೆಗೆ ಕಳಿಸಿ ವರದಿ ತರಿಸಿ ಅಂತ ಕೋರ್ಟಿಗೆ ಅರ್ಜಿ ಕೊಡಬಹುದು. ನೀವೇ ಮಾಡಿದ ಪರೀಕ್ಷೆಯನ್ನು ಎದುರಿನವರು ಒಪ್ಪುವುದಿಲ್ಲ. ಗಿರಾಕಿಯನ್ನೂ ಸಾಕ್ಷಿಗೆ ಕರೆಯಬೇಕಾಗುತ್ತದೆ, ಈಗಲೇ ಅವರ ಹತ್ತಿರ ಮಾತಾಡಿಡಿ. ಹೊಸ ಶೀಟ್ ಕೊಂಡ ಬಿಲ್ಲು, ಕೂಲಿಗೆ ಕೊಟ್ಟ ದುಡ್ಡಿನ ಲೆಕ್ಕ ಇಲ್ಲದಿದ್ದರೆ 60,000 ಅನ್ನೋದು ಬಾಯಿಮಾತು ಆಗಿಬಿಡುತ್ತದೆ.

---

ಹಳೇ ಶಿರಸ್ತೇದಾರ · 23 ಮಾರ್ಚ್

ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು. ಕೌಂಟರಿನ ಆ ಕಡೆ ಕೂತು ನಾನು ಕಂಡ ತಪ್ಪು ಒಂದನ್ನು ಹೇಳುತ್ತೇನೆ.

ಲಿಖಿತ ಹೇಳಿಕೆಯ ಕೊನೆಯ ಪ್ಯಾರಾದಲ್ಲಿ "ವಾದಿಯೂ ಪ್ರತಿವಾದಿಗೆ ಹಣ ಕೊಡಬೇಕಾಗಿದ್ದು ಅದನ್ನು ಕಳೆಯತಕ್ಕದ್ದು" ಅಂತ ಒಂದು ಸಾಲು ಬರೆದು ಬಿಟ್ಟಿರುತ್ತಾರೆ. ಎಷ್ಟು, ಯಾವತ್ತಿನದು, ಯಾವ ಬಿಲ್ಲು, ಏನೂ ಇರುವುದಿಲ್ಲ. ಕೋರ್ಟ್ ಫೀ ಕಟ್ಟಿರುವುದಿಲ್ಲ. ಕಕ್ಷಿದಾರನಿಗೆ ತನ್ನ ಕೇಸು ಹೇಳಿಯಾಯಿತು ಅನ್ನುವ ಸಮಾಧಾನ. ಎರಡು ವರ್ಷದ ಮೇಲೆ ತೀರ್ಪು ಬಂದಾಗ ಅದರ ಬಗ್ಗೆ ಒಂದಕ್ಷರ ಇರುವುದಿಲ್ಲ, ಆಗ ಬಂದು ಕೌಂಟರ್ ಮುಂದೆ ನಿಂತು ಕೇಳುತ್ತಾರೆ. ಒಬ್ಬರು ಹೆಂಗಸು ಹಾಗೆ ನಿಂತು ಅತ್ತಿದ್ದು ಇನ್ನೂ ಕಣ್ಣ ಮುಂದಿದೆ.

ನಮ್ಮ ರಾಜ್ಯದ 1958ರ ಕೋರ್ಟ್ ಫೀ ಕಾಯ್ದೆಯ 8ನೇ ಕಲಮಿನ ಪ್ರಕಾರ ಸೆಟ್‌ಆಫ್ ಆಗಲಿ ಕೌಂಟರ್ ಕ್ಲೇಮ್ ಆಗಲಿ ಕೇಳುವ ಲಿಖಿತ ಹೇಳಿಕೆಗೆ ದಾವೆಯ ಹಾಗೇ ಫೀ ಇದೆ. ಮಂಜು ಅವರು 85,000ಕ್ಕೂ 60,000ಕ್ಕೂ ಕಟ್ಟಬೇಕು. ಕೇಳುವ ಮೊತ್ತ, ಅದರ ಫೀ ಲೆಕ್ಕ ಬರೆದ ವ್ಯಾಲ್ಯುಯೇಷನ್ ಸ್ಲಿಪ್ ಜೊತೆಗಿರಲಿ, ಅದು ಇಲ್ಲದಿದ್ದರೆ ಆಫೀಸ್ ಆಕ್ಷೇಪಣೆ ಹಾಕಿ ವಾಪಸ್ ಕೊಡುತ್ತಾರೆ. ಫೀ ಕಡಿಮೆ ಬಿದ್ದರೆ ಕೋರ್ಟು ಕಟ್ಟಲು ಸಮಯ ಕೊಡುತ್ತದೆ, ಗಾಬರಿ ಬೇಡ.

ಒಂದು ವಿಷಯದಲ್ಲಿ ಮಾತ್ರ ಫೀ ಬೇಡ. ಕ್ರೆಡಿಟ್ ನೋಟಿನ 22,200 ಸೆಟ್‌ಆಫೂ ಅಲ್ಲ, ಕೌಂಟರ್ ಕ್ಲೇಮೂ ಅಲ್ಲ. ಅದು ದಾವೆಗೆ ಮೊದಲೇ ತೀರಿದ ಲೆಕ್ಕ. ವಾದಿ ಕೇಳಿದ ಬಾಕಿಯೇ ತಪ್ಪು ಅಂತ ಹೇಳಿದರೆ ಸಾಕು, ದುಡ್ಡು ಕೊಟ್ಟ ರಸೀದಿ ತೋರಿಸಿದ ಹಾಗೆ. ಅದನ್ನು ಸೆಟ್‌ಆಫ್ ಪಟ್ಟಿಗೆ ಸೇರಿಸಿ ಸುಮ್ನೆ ಫೀ ಕಟ್ಟಬೇಡಿ.

---

ಮರಗೆಲಸ ಮಂಜು · 23 ಮಾರ್ಚ್

ಹಿರಿಯರಿಗೆ ನಮಸ್ಕಾರ. ತೀರಿದ ಲೆಕ್ಕ ಅಂದಿದ್ದಕ್ಕೆ ಇನ್ನೊಂದು ನೆನಪಾಯಿತು. 20 ನವೆಂಬರ್ 2023ಕ್ಕೆ ಅವರೇ ವಾಟ್ಸಾಪ್‌ನಲ್ಲಿ ಹಾಕಿದ್ದಾರೆ: "ರ‍್ಯಾಕ್ ದುಡ್ಡು ಪ್ಲೈವುಡ್ ಲೆಕ್ಕದಲ್ಲಿ ಮುರ್ಕೊಳ್ಳಣ ಬಿಡು." ಹಾಗಾದರೆ ರ‍್ಯಾಕಿನ ದುಡ್ಡೂ ತೀರಿದ ಹಾಗೇ ಅಲ್ವಾ? ಅದಕ್ಕೂ ಫೀ ಬೇಡ ಅಲ್ವಾ?

---

ಹಳೇ ಶಿರಸ್ತೇದಾರ · 23 ಮಾರ್ಚ್

ನನ್ನ ಅಭಿಪ್ರಾಯದಲ್ಲಿ ಹೌದು. ಇಬ್ಬರೂ ಒಪ್ಪಿ ಮುರಿದುಕೊಂಡ ಮೇಲೆ ಅದು ಪಾವತಿಯೇ. ಫೀ ಕೇಳುವ ಹಾಗಿಲ್ಲ.

---

ತುಂಗಾತೀರ · 23 ಮಾರ್ಚ್

ಇಲ್ಲಿ ನಾನು ಒಪ್ಪುವುದಿಲ್ಲ ಸಾರ್. "ಮುರ್ಕೊಂಡಿದೀನಿ" ಅಂದಿದ್ದರೆ ನೀವು ಹೇಳಿದ್ದು ಸರಿ. ಅವರು ಬರೆದಿದ್ದು "ಮುರ್ಕೊಳ್ಳಣ ಬಿಡು". ಮುಂದೆ ಮಾಡೋಣ ಅನ್ನುವ ಮಾತು. ಲೆಡ್ಜರ್‌ನಲ್ಲಿ ಜಮಾ ಮಾಡಿಲ್ಲ, ಮಂಜು ಅವರೂ ತಮ್ಮ ಪುಸ್ತಕದಲ್ಲಿ ಬರೆದಿರಲಿಕ್ಕಿಲ್ಲ. ದಾವೆಗೆ ಮೊದಲೇ ತೀರಿದ್ದರೆ ಅದು ಪಾವತಿ. ಈಗ ಕೋರ್ಟೇ ತೀರಿಸಿಕೊಡಲಿ ಅಂತ ಕೇಳಿದರೆ ಅದು ಸೆಟ್‌ಆಫ್.

---

ಹಳೇ ಶಿರಸ್ತೇದಾರ · 23 ಮಾರ್ಚ್

ನಮ್ಮ ಕಡೆ ವ್ಯಾಪಾರದಲ್ಲಿ "ಮುರ್ಕೊಳ್ಳಣ ಬಿಡು" ಅಂದರೆ ಮಾತು ಮುಗಿಯಿತು ಅಂತಲೇ ಅರ್ಥ. ಅದಕ್ಕೆ "ಬಿಡು" ಅಂದಿದ್ದು. ಭಾಷೆ ಗೊತ್ತಿರುವ ಜಡ್ಜ್ ಇದನ್ನು ಒಪ್ಪುತ್ತಾರೆ.

---

ತುಂಗಾತೀರ · 23 ಮಾರ್ಚ್

ಒಪ್ಪಬಹುದು. ಒಪ್ಪದಿದ್ದರೆ 85,000 ಹೋಗುತ್ತದೆ. ನಾನಾಗಿದ್ದರೆ ಹೀಗೆ ಬರೆಯುತ್ತೇನೆ: ಮೊದಲು, ಈ ಮೊತ್ತ ನವೆಂಬರ್ 2023ರಲ್ಲೇ ಒಪ್ಪಿ ಮುರಿದುಕೊಂಡಿದ್ದು. ಹಾಗಲ್ಲ ಅಂತ ಕೋರ್ಟಿಗೆ ಕಂಡರೆ, 6ನೇ ನಿಯಮದ ಪ್ರಕಾರ ಸೆಟ್‌ಆಫ್ ಕೊಡಿ. ಎರಡನೆಯದಕ್ಕೆ ಫೀ ಕಟ್ಟಿಬಿಡಿ. ಫೀ ಉಳಿಸಲು ಹೋಗಿ ಅಸಲನ್ನೇ ಪಣಕ್ಕೆ ಇಡಬಾರದು.

ಆ ಮೆಸೇಜಿಗೆ ಇನ್ನೊಂದು ಉಪಯೋಗವೂ ಇದೆ. ಮೂರು ವರ್ಷದೊಳಗೆ ಸಾಲಗಾರ ಬರವಣಿಗೆಯಲ್ಲಿ ಸಹಿ ಹಾಕಿ ಬಾಕಿ ಒಪ್ಪಿದರೆ ಆ ದಿನದಿಂದ ಕಾಲಮಿತಿ ಹೊಸದಾಗಿ ಶುರುವಾಗುತ್ತದೆ, ಕಾಲಮಿತಿ ಕಾಯ್ದೆಯ 18ನೇ ಕಲಮು. ವಾಟ್ಸಾಪ್ ಮೆಸೇಜು ಸಹಿ ಹಾಕಿದ ಬರವಣಿಗೆ ಆಗುತ್ತದಾ ಅನ್ನುವುದರ ಮೇಲೆ ವಾದ ನಡೆಯುತ್ತಲೇ ಇದೆ. ಅದೊಂದನ್ನೇ ನೆಚ್ಚಿಕೊಂಡು ಕೌಂಟರ್ ಕ್ಲೇಮ್ ಹಾಕಬೇಡಿ ಅನ್ನುವುದು ಇದಕ್ಕೇ. ಮೆಸೇಜ್ ಹಾಜರುಪಡಿಸುವಾಗ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ಸಾಲದು. ಫೋನ್ ಬದಲಾಯಿಸಬೇಡಿ, ಮಾರಬೇಡಿ.

---

ಲೆಕ್ಕದ ಲಕ್ಷ್ಮಿ · 23 ಮಾರ್ಚ್

ನಾನು ಅಕೌಂಟೆಂಟ್, ಕೋರ್ಟ್ ವಿಷಯ ಹೆಚ್ಚು ಗೊತ್ತಿಲ್ಲ. ಆದರೆ ಎಲ್ಲರೂ ಅಸಲನ್ನೇ ನೋಡುತ್ತಿದ್ದೀರಿ, ಬಡ್ಡಿಯ ಕಡೆ ಯಾರೂ ನೋಡಿಲ್ಲ.

ಅವರು 14 ತಿಂಗಳಿಗೆ ನೂರಕ್ಕೆ 18ರಂತೆ ಹಾಕಿದ್ದಾರೆ, ಅಂದ್ರೆ ಅಸಲಿನ ನೂರಕ್ಕೆ 21. 2,40,000ದ ಮೇಲೆ 50,400. ಕ್ರೆಡಿಟ್ ನೋಟ್ ಕಳೆದರೆ ಅಸಲು 2,17,800, ಬಡ್ಡಿ 45,738. ರ‍್ಯಾಕಿನ 85,000ವನ್ನೂ ಕಳೆದರೆ ಅಸಲು 1,32,800, ಬಡ್ಡಿ 27,888ಕ್ಕೆ ಇಳಿಯುತ್ತದೆ. ಅಂದ್ರೆ ಬಡ್ಡಿಯಲ್ಲೇ 22,512 ವ್ಯತ್ಯಾಸ. ಮಂಜು ಅವರ ದುಡ್ಡು 2022ರಿಂದ ಅವರ ಹತ್ತಿರವೇ ಇತ್ತು. ಪ್ಲೈವುಡ್ ಬಾಕಿ ಶುರುವಾಗಿದ್ದೇ 2023ರಲ್ಲಿ. ಹಾಗಿರುವಾಗ ಪೂರ್ತಿ ಮೊತ್ತದ ಮೇಲೆ ಬಡ್ಡಿ ಕೇಳುವುದು ಹೇಗೆ ನ್ಯಾಯ?

---

ತುಂಗಾತೀರ · 24 ಮಾರ್ಚ್

ಮೇಡಂ, ತುಂಬಾ ಒಳ್ಳೆಯ ಮಾತು. ಈ ಕೋಷ್ಟಕವನ್ನೇ ಲಿಖಿತ ಹೇಳಿಕೆಗೆ ಲಗತ್ತಿಸಬಹುದು. ಕ್ರೆಡಿಟ್ ನೋಟಿನ ಮೇಲಿನ ಬಡ್ಡಿ ಹೋಗುವುದರಲ್ಲಿ ನನಗೆ ಅನುಮಾನ ಇಲ್ಲ, ಇಲ್ಲದ ಅಸಲಿಗೆ ಬಡ್ಡಿ ಇಲ್ಲ. ರ‍್ಯಾಕಿನ ದುಡ್ಡಿನ ಮಟ್ಟಿಗೆ ಮೆಸೇಜಿನ ಒಪ್ಪಂದ ಸಾಬೀತಾದರೆ ಬಡ್ಡಿ ನವೆಂಬರ್ 2023ರಿಂದಲೇ ನಿಲ್ಲುತ್ತದೆ ಅಂತ ವಾದಿಸಬಹುದು. ಬರೀ ಸೆಟ್‌ಆಫ್ ಆಗಿ ಉಳಿದರೆ, ಯಾವ ದಿನದಿಂದ ಕಳೆಯಬೇಕು ಅನ್ನುವುದನ್ನು ಜಡ್ಜ್ ಹೇಗೆ ನೋಡುತ್ತಾರೋ. ನೂರಕ್ಕೆ 18 ಅನ್ನುವುದಕ್ಕೆ ಒಪ್ಪಂದ ಇದೆಯಾ, ಬಿಲ್ಲಿನ ಕೆಳಗೆ ಅಚ್ಚಾಗಿರುವ ಸಾಲು ಮಾತ್ರವಾ, ಅದನ್ನೂ ನೋಡಬೇಕು.

ಇನ್ನೊಂದು, ಬಡ್ಡಿ ಸೇರಿ ಅವರು ಕೇಳಿದ್ದು 2,90,400. ವ್ಯಾಪಾರಿಗಳ ನಡುವಿನ ಇಂಥ ಮಾಲಿನ ಬಾಕಿ 3 ಲಕ್ಷ ಮುಟ್ಟಿದರೆ ಕಮರ್ಷಿಯಲ್ ಕೋರ್ಟಿಗೆ ಹೋಗುತ್ತದೆ. ಅಲ್ಲಿ ಲಿಖಿತ ಹೇಳಿಕೆ 120 ದಿನ ದಾಟಿದರೆ ತೆಗೆದುಕೊಳ್ಳುವುದೇ ಇಲ್ಲ. ನಿಮ್ಮದು ಸಾಮಾನ್ಯ ಸಿವಿಲ್ ಕೋರ್ಟಿನಲ್ಲಿದೆ. ಆದರೂ 30 ದಿನದೊಳಗೆ ಕೊಟ್ಟುಬಿಡಿ. ಮಾರ್ಚ್ 3ರಿಂದ ಎಣಿಸಿದರೆ ಏಪ್ರಿಲ್ 2.

---

ಮರಗೆಲಸ ಮಂಜು · 24 ಮಾರ್ಚ್

ತಮ್ಮನ 50,000ದ ಬಗ್ಗೆ ಯಾರೂ ಹೇಳಲಿಲ್ಲ. ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ, ವರ್ಕ್‌ಶಾಪಿನಲ್ಲಿ ಅವನೂ ಕೆಲಸ ಮಾಡುತ್ತಾನೆ.

---

ತುಂಗಾತೀರ · 24 ಮಾರ್ಚ್

ಅದು ಬರುವುದಿಲ್ಲ. ದಾವೆ ನಿಮ್ಮೊಬ್ಬರ ಮೇಲೆ, ಸಾಲ ಕೊಟ್ಟಿದ್ದು ತಮ್ಮ. ಒಂದೇ ಮನೆ, ಒಂದೇ ಒಲೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತಮ್ಮ ತನ್ನ ಹೆಸರಲ್ಲಿ ಬೇರೆ ದಾವೆ ಹಾಕಬೇಕು. ಲಿಖಿತ ಹೇಳಿಕೆಯಲ್ಲಿ ಅದನ್ನು ತುರುಕಿದರೆ ಒಳ್ಳೆಯ ಬಾಕಿಗಳ ಮೇಲೂ ಅನುಮಾನ ಬರುತ್ತದೆ.

ಇದೇ ಕಾರಣಕ್ಕೆ ದಾವೆಯ ಮೊದಲ ಪುಟ ತೆಗೆದು ನೋಡಿ. ವಾದಿ ಅಂತ ಯಾರ ಹೆಸರಿದೆ? ಅಂಗಡಿಗೆ ಒಬ್ಬರೇ ಮಾಲೀಕರಾ, ಪಾಲುದಾರಿಕೆ ಸಂಸ್ಥೆಯಾ? ರ‍್ಯಾಕ್ ಬಿಲ್ಲು ಯಾರ ಹೆಸರಿಗೆ ಮಾಡಿದ್ದೀರಿ?

---

ಮರಗೆಲಸ ಮಂಜು · 24 ಮಾರ್ಚ್

ಈಗ ನೋಡಿದೆ. ಅಂಗಡಿಯ ಹೆಸರು, ಅದರ ಕೆಳಗೆ "ಪ್ರೊಪ್ರೈಟರ್" ಅಂತ ಅವರ ಹೆಸರು. ರ‍್ಯಾಕ್ ಬಿಲ್ಲೂ ಅಂಗಡಿ ಹೆಸರಿಗೇ ಇದೆ.

---

ತುಂಗಾತೀರ · 24 ಮಾರ್ಚ್

ಸರಿ ಹೋಯಿತು. ಒಬ್ಬರೇ ಮಾಲೀಕರು ಅಂದರೆ ಅಂಗಡಿ ಬೇರೆ, ಮನುಷ್ಯ ಬೇರೆ ಅಲ್ಲ. ಪಾಲುದಾರಿಕೆ ಸಂಸ್ಥೆ ದಾವೆ ಹಾಕಿ, ನೀವು ಒಬ್ಬ ಪಾಲುದಾರನ ಮನೆಗೆ ವಾರ್ಡ್‌ರೋಬ್ ಮಾಡಿಕೊಟ್ಟಿದ್ದರೆ ಕಥೆ ಬೇರೆ ಆಗುತ್ತಿತ್ತು.

---

ಸಾಗರದ ಸುಮಾ · 25 ಮಾರ್ಚ್

ಇದನ್ನೆಲ್ಲ ಓದಿ ಕೈಕಾಲು ಆಡುತ್ತಿಲ್ಲ. ನಮ್ಮ ಯಜಮಾನರ ಮೇಲೆ ಅಡಿಕೆ ವ್ಯಾಪಾರಿಯೊಬ್ಬರು ಅಡ್ವಾನ್ಸ್ ದುಡ್ಡು ವಾಪಸ್ ಕೊಡಿ ಅಂತ ದಾವೆ ಹಾಕಿದ್ದಾರೆ. ನಾವು ಹಾಕಿದ ಅಡಿಕೆಯ ದುಡ್ಡೇ ಇನ್ನೂ ಅವರಿಂದ ಬರಬೇಕು. ಲಿಖಿತ ಹೇಳಿಕೆ ಕೊಟ್ಟು ಎರಡು ವರ್ಷವಾಯಿತು. ಶಿರಸ್ತೇದಾರರು ಹೇಳಿದ ಹಾಗೆ ಅದರಲ್ಲಿ ಒಂದೇ ಸಾಲು ಇದೆ. ಈಗ ಅವರ ಸಾಕ್ಷಿ ನಡೆಯುತ್ತಿದೆ. ಈಗ ಕೌಂಟರ್ ಕ್ಲೇಮ್ ಹಾಕಲು ಆಗುತ್ತಾ?

---

ತುಂಗಾತೀರ · 25 ಮಾರ್ಚ್

ಸುಮಾ ಅವರೇ, ಕಷ್ಟ ಇದೆ. ಲಿಖಿತ ಹೇಳಿಕೆ ಕೊಟ್ಟ ಮೇಲೂ ಕೌಂಟರ್ ಕ್ಲೇಮ್ ಹಾಕಬಹುದು. ಆದರೆ ಕೋರ್ಟು ಇಶ್ಯೂ, ಅಂದ್ರೆ ತಾನು ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು, ಹಾಕಿದ ಮೇಲೆ ಬಿಡಬಾರದು ಅಂತ ಸುಪ್ರೀಂ ಕೋರ್ಟು 2019ರಲ್ಲಿ ಅಶೋಕ್ ಕುಮಾರ್ ಕಾಲ್ರಾ ಕೇಸಿನಲ್ಲಿ ಹೇಳಿದೆ. ಆ ಪೀಠದಲ್ಲಿದ್ದ ನಮ್ಮ ಕರ್ನಾಟಕದ ನ್ಯಾಯಮೂರ್ತಿ ಶಾಂತನಗೌಡರ್ ಅವರು ತಮ್ಮ ಪ್ರತ್ಯೇಕ ತೀರ್ಪಿನಲ್ಲಿ, ತೀರಾ ಅಪರೂಪದ ಸಂದರ್ಭದಲ್ಲಿ ವಾದಿಯ ಸಾಕ್ಷಿ ಶುರುವಾಗುವವರೆಗೂ ಬಿಡಬಹುದು ಅಂದಿದ್ದರು. ನಿಮ್ಮದು ಅದನ್ನೂ ದಾಟಿದೆ.

ಆದರೆ ಕೌಂಟರ್ ಕ್ಲೇಮ್ ಹೋಯಿತು ಅಂದರೆ ದುಡ್ಡಿನ ಹಕ್ಕೇ ಹೋಯಿತು ಅಂತಲ್ಲ. ಮೂರು ವರ್ಷ ಇನ್ನೂ ಉಳಿದಿದ್ದರೆ ಬೇರೆ ದಾವೆ ಹಾಕಿ, ಎರಡನ್ನೂ ಒಟ್ಟಿಗೆ ನಡೆಸಿ ಅಂತ ಅರ್ಜಿ ಕೊಡಿ. ಆಮೇಲೆ, ಆ ಅಡ್ವಾನ್ಸ್ ನೀವು ಹಾಕಿದ ಅಡಿಕೆಗೇ ಕೊಟ್ಟಿದ್ದಾ? ಹಾಗಿದ್ದರೆ ಅಡ್ವಾನ್ಸ್ ಮಾಲಿನಲ್ಲೇ ತೀರಿದೆ ಅನ್ನುವುದು ಬರೀ ರಕ್ಷಣೆ, ಅದಕ್ಕೆ ಕೌಂಟರ್ ಕ್ಲೇಮ್ ಬೇಕಾಗಿಯೇ ಇಲ್ಲ. ತೂಕದ ಚೀಟಿಗಳನ್ನು ಹುಡುಕಿ, ಪಾಟೀ ಸವಾಲಿನಲ್ಲಿ ಅವನ್ನೇ ಅವರ ಮುಂದೆ ಇಡಲು ವಕೀಲರಿಗೆ ಹೇಳಿ.

---

ಸಾಗರದ ಸುಮಾ · 25 ಮಾರ್ಚ್

ಅದೇ ಅಡಿಕೆಗೇ ಕೊಟ್ಟಿದ್ದು. ಚೀಟಿಗಳು ಬೀರುವಿನಲ್ಲಿವೆ, ಎಲ್ಲ ತಾರೀಖೂ ಇದೆ. ನಾಳೆಯೇ ಹೋಗುತ್ತೇವೆ ಸಾರ್.

---

ಕಾನೂನು ಕಲಿಯುವವ · 26 ಮಾರ್ಚ್

ಸಾರ್, ಒಂದು ಕೊನೇ ಅನುಮಾನ. ಮಂಜಣ್ಣ ಸೆಟ್‌ಆಫ್ ಹಾಕಿದ ಮೇಲೆ ಅಂಗಡಿಯವರು ದಾವೆಯನ್ನೇ ವಾಪಸ್ ತೆಗೆದುಕೊಂಡರೆ?

---

ತುಂಗಾತೀರ · 26 ಮಾರ್ಚ್

ಪದರ ಬಿಟ್ಟ ಪ್ಲೈವುಡ್‌ನ ಕೌಂಟರ್ ಕ್ಲೇಮ್ ತನ್ನ ಪಾಡಿಗೆ ನಡೆಯುತ್ತದೆ. 6ಡಿ ನಿಯಮ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಅಂಗಡಿಯವರು ಅದಕ್ಕೆ ಉತ್ತರವನ್ನೇ ಕೊಡದಿದ್ದರೆ ಕೋರ್ಟು ಅವರ ವಿರುದ್ಧವೇ ತೀರ್ಪು ಕೊಡಬಹುದು. ಸೆಟ್‌ಆಫ್‌ಗೆ ಅಂಥ ಸ್ಪಷ್ಟ ನಿಯಮ ಇಲ್ಲ. ಲಿಖಿತ ಹೇಳಿಕೆಗೆ ಎದುರು ದಾವೆಯ ಬಲ ಇದೆ ಅಂತ 6ನೇ ನಿಯಮವೇ ಹೇಳುವುದರಿಂದ ಅದೂ ನಿಲ್ಲಬೇಕು ಅನ್ನುವುದು ನನ್ನ ನಿಲುವು. ಆದರೆ ಅದು ಮೂಲತಃ ಗುರಾಣಿ, ಕತ್ತಿ ಬಂದರೆ ತಾನೇ ಗುರಾಣಿ ಅನ್ನುವವರೂ ಇದ್ದಾರೆ. ಇಲ್ಲಿ ಅವರು ವಾಪಸ್ ತೆಗೆದುಕೊಳ್ಳುವ ಸಾಧ್ಯತೆ ಕಡಿಮೆ. ಎಲ್ಲ ಕಳೆದರೂ ಅವರಿಗೆ ಬರುವುದು ಉಳಿಯುತ್ತದೆ.

---

ಮರಗೆಲಸ ಮಂಜು · 3 ಏಪ್ರಿಲ್

ನಿನ್ನೆ, ಏಪ್ರಿಲ್ 2ಕ್ಕೇ ಲಿಖಿತ ಹೇಳಿಕೆ ಕೊಟ್ಟೆವು. ಸೀನಿಯರ್ ಬಂದ ದಿನವೇ ಇದನ್ನೆಲ್ಲ ಬರೆದುಕೊಂಡು ಹೋಗಿದ್ದೆ. ಅವರು 12 ಮಾರ್ಚ್ ಅನ್ನುವ ತಾರೀಖು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಮೊದಲೇ ಟೈಪ್ ಮಾಡಿಟ್ಟಿದ್ದನ್ನು ಪಕ್ಕಕ್ಕೆ ಸರಿಸಿ ಹೊಸದಾಗಿ ಬರೆಸಿದರು. ಕ್ರೆಡಿಟ್ ನೋಟ್ ರಕ್ಷಣೆಯಲ್ಲಿ, ರ‍್ಯಾಕ್ ದುಡ್ಡು ಮೊದಲು ಒಪ್ಪಂದ ಅಂತ, ಇಲ್ಲದಿದ್ದರೆ ಸೆಟ್‌ಆಫ್ ಅಂತ, ಪ್ಲೈವುಡ್‌ನ 60,000 ಕೌಂಟರ್ ಕ್ಲೇಮ್. ತಮ್ಮನ ವಿಷಯ ಬಿಟ್ಟೆವು, ಅವನ ಹೆಸರಲ್ಲಿ ಅಂಗಡಿಯವರಿಗೆ ಬೇರೆ ನೋಟಿಸ್ ಕಳಿಸುತ್ತಿದ್ದೇವೆ. ಲಕ್ಷ್ಮಿ ಮೇಡಂ ಅವರ ಬಡ್ಡಿ ಲೆಕ್ಕ ಹಾಗೇ ಕೊನೆಯಲ್ಲಿ ಸೇರಿದೆ.

ಫೀ ಕಟ್ಟಿದೆವು. ವ್ಯಾಲ್ಯುಯೇಷನ್ ಸ್ಲಿಪ್ ಎರಡಕ್ಕೂ ಸೇರಿಸಿ ಒಂದೇ ಕೊಟ್ಟಿದ್ದಕ್ಕೆ ಆಫೀಸಿನವರು ಆಕ್ಷೇಪಣೆ ಹಾಕಿದರು, ಬಿಡಿಸಿ ಬರೆದು ಕೊಟ್ಟ ಮೇಲೆ ತೆಗೆದುಕೊಂಡರು. ಎದುರಿನ ವಕೀಲರು ಪ್ರತಿ ತೆಗೆದುಕೊಳ್ಳುವಾಗ ರ‍್ಯಾಕ್ ಬಿಲ್ಲಿನ ತಾರೀಖನ್ನೇ ಬೆರಳಿಟ್ಟು ನೋಡಿದರು. ಉತ್ತರ ಕೊಡಲು ಸಮಯ ಕೇಳಿದ್ದಾರೆ, ಬೇಸಿಗೆ ರಜೆ ಕಳೆದು ಜೂನ್‌ನಲ್ಲಿ ಮುಂದಿನ ತಾರೀಖು.

---

ಹಳೇ ಶಿರಸ್ತೇದಾರ · 3 ಏಪ್ರಿಲ್

ಜೂನ್‌ನಲ್ಲಿ ಇಶ್ಯೂ ಹಾಕುವ ದಿನ ತಪ್ಪದೆ ಹೋಗಿ ಮಂಜು. ಇಶ್ಯೂಗಳ ಪ್ರತಿ ತೆಗೆದುಕೊಂಡು ಓದಿ. "85,000 ತನಗೆ ಬರಬೇಕೆಂದು ಪ್ರತಿವಾದಿ ಸಾಬೀತುಪಡಿಸುತ್ತಾನೆಯೇ" ಅನ್ನುವ ಅರ್ಥದ ಸಾಲು ಒಂದು, ಪ್ಲೈವುಡ್ ಹಾನಿಯ ಬಗ್ಗೆ ಒಂದು ಇರಲೇಬೇಕು. ಇಲ್ಲದಿದ್ದರೆ ಹೆಚ್ಚುವರಿ ಇಶ್ಯೂ ಹಾಕಿ ಅಂತ ಅವತ್ತೇ ಅರ್ಜಿ ಕೊಡಿಸಿ.